ಬೋರರ್ ಎಷ್ಟನೇ ನಿಮಿಷಕ್ಕೆ? ಉದ್ದ ವಿಡಿಯೊಗೆ ಚಾಪ್ಟರ್ ಹಾಕುವ ಬಗೆ

ಪ್ರಶ್ನೆ: ನಮ್ಮ ಕಾಫಿ ಬೆಳೆಗಾರರ ಸಂಘದ ಕಾರ್ಯಾಗಾರದ ವಿಡಿಯೊ ಯೂಟ್ಯೂಬಿಗೆ ಹಾಕಿದ್ದೀವಿ. 2 ಗಂಟೆ 18 ನಿಮಿಷ ಇದೆ. ಯಾವ ವಿಷಯ ಎಲ್ಲಿದೆ ಅಂತ ಕೆಳಗೆ ಸಮಯ ಬರೆದಿದ್ದೀನಿ, ಆದರೂ ಬೇರೆಯವರ ವಿಡಿಯೊದಲ್ಲಿ ಕಾಣೋ ಹಾಗೆ ಭಾಗ ಭಾಗ ಆಗ್ತಿಲ್ಲ. ಕಾಫಿ ಗಿಡದ ಕಾಂಡ ಕೊರೆಯೋ ಹುಳಕ್ಕೆ ನಮ್ಮಲ್ಲಿ ಬೋರರ್ ಅಂತಾರೆ. ‘ಬೋರರ್ ವಿಷಯ ಎಷ್ಟೊತ್ತಿಗೆ ಬರುತ್ತೆ’ ಅಂತ ದಿನಾ ಯಾರಾದರೂ ಫೋನ್ ಮಾಡ್ತಾರೆ. ಗೂಗಲ್‌ನಲ್ಲಿ ಹುಡುಕಿದರೂ ಆ ಭಾಗವೇ ಸಿಗಬೇಕು. ಎಲ್ಲಿ ತಪ್ಪಿದೆ? ಲಿಂಕ್ ಮತ್ತು ನನ್ನ ಪಟ್ಟಿ ಕಳಿಸಿದ್ದೀನಿ.
— ಸಕಲೇಶಪುರದ ಓದುಗರು

ಉತ್ತರ: ವಿಡಿಯೊ ಪೂರ್ತಿ ನೋಡಿದೆ. ಹಾಸನದಲ್ಲಿ ಕೂತು ಇಂಥ ಸಭೆ, ಪಾಠ, ಹರಿಕಥೆಗಳ ವಿಡಿಯೊ ಕತ್ತರಿಸಿ ಜೋಡಿಸುವುದೇ ನನ್ನ ಕೆಲಸ. ನಿಮ್ಮ ವಿಡಿಯೊದಲ್ಲಿ ಧ್ವನಿ ಸ್ಪಷ್ಟವಾಗಿದೆ, ಮಾತಾಡಿದವರಿಗೆ ತೋಟದ ಕೆಲಸ ಚೆನ್ನಾಗಿ ಗೊತ್ತಿದೆ. ಅದು ಬೇಕಾದವರ ಕೈಗೆ ಸಿಗದೆ ಉಳಿದಿರುವುದಕ್ಕೆ ಕಾರಣ ನೀವು ಬರೆದ ಈ ನಾಲ್ಕು ಸಾಲುಗಳಲ್ಲೇ ಇದೆ.

```
ಸ್ವಾಗತ 0.45
ಕೀಟ ನಿರ್ವಹಣೆ 12ಃ40
ಬೋರ್ಡೋ 58:10
ಪ್ರಶ್ನೋತ್ತರ 1.32.00
```

ಮೊದಲನೆಯ ಮತ್ತು ಕೊನೆಯ ಸಾಲಿನಲ್ಲಿ ಅಂಕಿಗಳ ನಡುವೆ ಚುಕ್ಕಿ ಇದೆ. ಲಗ್ನಪತ್ರಿಕೆಯಿಂದ ಬಸ್ಸಿನ ವೇಳಾಪಟ್ಟಿಯವರೆಗೆ ನಾವು ಹೊತ್ತು ಬರೆಯುವುದೇ ಹಾಗೆ, 10.30 ಅಂತ. ಓದುವವರಿಗೆ ಅರ್ಥವಾಗುತ್ತದೆ, ಯೂಟ್ಯೂಬಿಗೆ ಆಗುವುದಿಲ್ಲ. ಅದಕ್ಕೆ ನಿಮಿಷ ಮತ್ತು ಸೆಕೆಂಡಿನ ನಡುವೆ ಕೋಲನ್ ಬೇಕು. ಎರಡನೆಯ ಸಾಲಿನ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. 12ಃ40 ಎಂಬಲ್ಲಿ ನೀವು ಒತ್ತಿರುವುದು ಕೋಲನ್ ಅಲ್ಲ, ನಮ್ಮ ವಿಸರ್ಗ. ಕನ್ನಡ ಕೀಬೋರ್ಡಿನಲ್ಲಿ ಬರೆಯುತ್ತ ಹೋದಾಗ ‘ದುಃಖ’ದಲ್ಲಿರುವ ಆ ಎರಡು ಸೊನ್ನೆ ಕೋಲನ್ನಿನ ಹಾಗೇ ಕಾಣುತ್ತದೆ, ಆದರೆ ಯಂತ್ರಕ್ಕೆ ಅದು ಅಕ್ಷರ. ಇದೇ ಥರದ್ದು ಇನ್ನೊಂದಿದೆ. ಕನ್ನಡದ ಸೊನ್ನೆ ೦ ಮತ್ತು ಇಂಗ್ಲಿಷ್ ಅಂಕಿಯ 0 ನೋಡಲು ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೊತ್ತನ್ನು ಬರೆಯುವಾಗ ಮಾತ್ರ ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ, ಅಂಕಿ, ಕೋಲನ್ ಎರಡನ್ನೂ ಅಲ್ಲಿಂದಲೇ ಒತ್ತಿ. ಆಮೇಲೆ ಕನ್ನಡಕ್ಕೆ ಬಂದು ಹೆಸರು ಬರೆಯಿರಿ.

ಅಲ್ಲಿಗೆ ಉಳಿದದ್ದು ಒಂದೇ ಒಂದು ಸರಿಯಾದ ಸಾಲು, 58:10. ಒಂದರಿಂದ ಚಾಪ್ಟರ್ ಆಗುವುದಿಲ್ಲ. ಯೂಟ್ಯೂಬ್ ಕೇಳುವುದು ಇಷ್ಟು: ವಿವರಣೆಯಲ್ಲಿ ಕನಿಷ್ಠ ಮೂರು ಹೊತ್ತುಗಳಿರಬೇಕು, ಮೊದಲನೆಯದು 0:00 ಆಗಿರಬೇಕು, ಒಂದರ ಮೇಲೊಂದು ಏರುತ್ತಲೇ ಹೋಗಬೇಕು, ಪ್ರತಿ ಭಾಗ ಕನಿಷ್ಠ 10 ಸೆಕೆಂಡ್ ಇರಬೇಕು. ಇವುಗಳಲ್ಲಿ ಹೆಚ್ಚಿನವರು ಎಡವುವುದು 0:00 ವಿಷಯದಲ್ಲಿ. ನೀವೂ ಸ್ವಾಗತ ಎಂದು ಬರೆದು 45ನೇ ಸೆಕೆಂಡಿನಿಂದ ಪಟ್ಟಿ ಆರಂಭಿಸಿದ್ದೀರಿ. ಮೊದಲ 45 ಸೆಕೆಂಡಿನಲ್ಲಿ ಹೇಳುವಂಥದ್ದೇನೂ ಇಲ್ಲವಲ್ಲ ಎಂದು ನಿಮಗೆ ಅನ್ನಿಸಿರಬಹುದು. ಆದರೂ ವಿಡಿಯೊದ ಮೊದಲ ಕ್ಷಣಕ್ಕೆ ಒಂದು ಹೆಸರು ಕೊಡಲೇಬೇಕು.

ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಉಳಿಸಿದ ಮೇಲೆ ವಿಡಿಯೊ ಪುಟ ತೆರೆದು ವಿವರಣೆ ನೋಡಿ. ಯಂತ್ರ ಗುರುತು ಹಿಡಿದ ಹೊತ್ತು ನೀಲಿ ಬಣ್ಣಕ್ಕೆ ತಿರುಗಿರುತ್ತದೆ, ಒತ್ತಿದರೆ ವಿಡಿಯೊ ಅಲ್ಲಿಗೆ ಜಿಗಿಯುತ್ತದೆ. ಕಪ್ಪಾಗಿಯೇ ಉಳಿದ ಸಾಲಿನಲ್ಲಿ ಚುಕ್ಕಿಯೋ ವಿಸರ್ಗವೋ ಕನ್ನಡ ಅಂಕಿಯೋ ಇದೆ ಎಂದು ತಿಳಿಯಿರಿ. ಎಲ್ಲ ಸಾಲೂ ನೀಲಿಯಾಗಿದ್ದೂ ವಿಡಿಯೊದ ಕೆಳಗಿನ ಗೆರೆ ತುಂಡು ತುಂಡಾಗಿ ಕಾಣದಿದ್ದರೆ ಆಗ 0:00, ಕ್ರಮ, ಸಾಲುಗಳ ಸಂಖ್ಯೆ, 10 ಸೆಕೆಂಡು, ಈ ನಾಲ್ಕನ್ನು ನೋಡಿ. ಅವೂ ಸರಿ ಇದ್ದರೆ ಚಾನೆಲ್ ಮೇಲೆ, ನಿಯಮ ಮೀರಿದ್ದಕ್ಕೆ ಯೂಟ್ಯೂಬ್ ಹಾಕುವ ಸ್ಟ್ರೈಕ್ ಏನಾದರೂ ಇದೆಯೇ ಎಂದು ನೋಡಬೇಕು, ಸ್ಟ್ರೈಕ್ ಇರುವಷ್ಟು ಕಾಲ ಚಾಪ್ಟರ್ ಸಿಗುವುದಿಲ್ಲ. ನಿಮ್ಮದಕ್ಕೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಾರದು.

ಇನ್ನೊಂದು ಮಾತು, ಇದು ಕೃಷಿ ವಿಡಿಯೊ ಹಾಕುವವರು ವಿಶೇಷವಾಗಿ ಗಮನಿಸಬೇಕಾದದ್ದು. ಕೋಲನ್ ಇರುವ ಅಂಕಿ ವಿವರಣೆಯಲ್ಲಿ ಎಲ್ಲೇ ಇದ್ದರೂ ಯಂತ್ರ ಅದನ್ನು ವಿಡಿಯೊದ ಹೊತ್ತು ಎಂದೇ ಓದುತ್ತದೆ. ನಿಮ್ಮ ವಿವರಣೆಯ ಮೊದಲ ಸಾಲಿನಲ್ಲಿ ‘ಬೆಳಿಗ್ಗೆ 10:30ಕ್ಕೆ ನಡೆದ ಕಾರ್ಯಾಗಾರ’ ಎಂದಿದೆ. ಪಟ್ಟಿಯಲ್ಲಿ ಹಾಕಬೇಕಿದ್ದ ಕೋಲನ್ ಇಲ್ಲಿ ಬಂದಿದೆ! ವಿಡಿಯೊ ಎರಡು ಗಂಟೆಗೂ ಹೆಚ್ಚಿರುವುದರಿಂದ ಅದು ಹತ್ತೂವರೆ ನಿಮಿಷದ ಗುರುತು ಆಗಿಬಿಡುತ್ತದೆ. ಅದರ ಕೆಳಗೆ 0:00 ಬಂದಾಗ ಮೊದಲನೆಯದು 0:00 ಎಂಬ ನಿಯಮವೂ ಹೋಯಿತು, ಏರುವ ಕ್ರಮವೂ ಹೋಯಿತು. ಗೊಬ್ಬರದ ಲೆಕ್ಕವೂ ಇದೇ ಜಾತಿಯದು. ಸುಣ್ಣ ಮತ್ತು ಮಣ್ಣು 1:10 ಎಂದು ಬರೆದರೆ ಅದು ಒಂದು ನಿಮಿಷ ಹತ್ತು ಸೆಕೆಂಡು. 10:26:26 ಗೊಬ್ಬರ ಗಂಟೆ, ನಿಮಿಷ, ಸೆಕೆಂಡಿನ ರೂಪದಲ್ಲೇ ಇದೆ. ಗಡಿಯಾರದ ಹೊತ್ತನ್ನು ನಮ್ಮ ರೂಢಿಯಂತೆ ಚುಕ್ಕಿ ಇಟ್ಟು 10.30 ಎಂದೇ ಬರೆಯಿರಿ, ಗೊಬ್ಬರಕ್ಕೆ ಅಡ್ಡಗೆರೆ ಹಾಕಿ 10-26-26 ಎನ್ನಿ, ಪ್ರಮಾಣವನ್ನು ‘ಒಂದಕ್ಕೆ ಹತ್ತು’ ಎಂದು ಅಕ್ಷರದಲ್ಲಿ ಹೇಳಿ. ಕೋಲನ್ ಇರುವ ಅಂಕಿ ಪಟ್ಟಿಯಲ್ಲಿ ಮಾತ್ರ ಇರಲಿ.

ಈಗ ಪಟ್ಟಿಯನ್ನು ಹೊಸದಾಗಿ ಕಟ್ಟೋಣ. ಬರೆಯುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ನೀವು ಸ್ವಾಗತಕ್ಕೆ 0.45 ಎಂದು ಬರೆದಿದ್ದರೂ ನಿಮ್ಮ ವಿಡಿಯೊದ ಮೊದಲ 5 ನಿಮಿಷ 20 ಸೆಕೆಂಡು ಮೈಕ್ ಪರೀಕ್ಷೆ, ಕುರ್ಚಿ ಜೋಡಿಸುವುದು, ಯಾರೋ ವೇದಿಕೆ ಹತ್ತಿ ಇಳಿಯುವುದು; ನಿಜವಾದ ಸ್ವಾಗತ ಆಮೇಲೆ. ಇದನ್ನು ತೆಗೆಯಿರಿ ಎನ್ನುವುದು ನನ್ನ ಸಲಹೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ವಿಡಿಯೊ ತೆರೆದು ಎಡಿಟರ್‌ಗೆ ಹೋದರೆ ಅಲ್ಲೇ ಕತ್ತರಿಸಬಹುದು, ಮತ್ತೆ ಅಪ್‌ಲೋಡ್ ಮಾಡಬೇಕಿಲ್ಲ, ಲಿಂಕ್ ಕೂಡ ಅದೇ ಉಳಿಯುತ್ತದೆ. ಆದರೆ ಕತ್ತರಿಸುವುದು ಮೊದಲು, ಹೊತ್ತು ಬರೆಯುವುದು ಆಮೇಲೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ಶಾಲೆಯ ಗಣಿತ ಪಾಠಗಳಿಗೆ ನಾನೇ ಕೂತು ಚಾಪ್ಟರ್ ಬರೆದುಕೊಟ್ಟಿದ್ದೆ. ಆಮೇಲೆ ಅಲ್ಲಿಯವರು ಆರಂಭದ ಪ್ರಾರ್ಥನೆಯನ್ನು ಕತ್ತರಿಸಿದರು. ವಿವರಣೆಯಲ್ಲಿರುವ ಹೊತ್ತುಗಳು ತಾವಾಗಿ ಬದಲಾಗುವುದಿಲ್ಲ, ಯೂಟ್ಯೂಬಿಗೆ ಅವು ಬರೀ ಅಕ್ಷರ. ಪರೀಕ್ಷೆಗೆ ಓದುವ ಮಕ್ಕಳು ‘ತ್ರಿಕೋನಮಿತಿ’ ಎಂದು ಒತ್ತಿದರೆ ಲೆಕ್ಕದ ಅರ್ಧದಲ್ಲಿ ಹೋಗಿ ಬೀಳುತ್ತಿದ್ದರು. ಅದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರಲಿಲ್ಲ ಎನ್ನುವುದು ಇವತ್ತಿಗೂ ನನಗೆ ನೋವಿನ ವಿಷಯ.

ನಿಮ್ಮಲ್ಲಿ ಈಗಾಗಲೇ ಬರೆದಿಟ್ಟ ಹೊತ್ತುಗಳಿವೆ ಎಂದಾದರೆ ಕತ್ತರಿಸಿದ ಮೇಲೆ ಪ್ರತಿಯೊಂದರಿಂದಲೂ 5:20 ಕಳೆಯಬೇಕು. ಬೋರರ್ ವಿಷಯವಿರುವ ಕೀಟ ನಿರ್ವಹಣೆಗೆ ನೀವು ಬರೆದಿದ್ದದ್ದು 12:40. ನಾನು ಕೇಳಿದಾಗ ಬೋರರ್ ಬಗ್ಗೆ ಮಾತು ಶುರುವಾಗುವುದು ಸರಿಯಾಗಿ 12:40ಕ್ಕೆ. ಮೊದಲ ಪದ ನುಂಗಿಹೋಗದಿರಲಿ ಎಂದು ನಾನು ಯಾವಾಗಲೂ ಎರಡು ಸೆಕೆಂಡ್ ಹಿಂದೆ ಇಡುತ್ತೇನೆ, ಅಂದರೆ 12:38. ಅದರಿಂದ 5:20 ಕಳೆದರೆ 7:18. ಗಂಟೆ ದಾಟಿದ ಕಡೆ ಹುಷಾರಾಗಿರಿ, ನೂರರ ಲೆಕ್ಕದಲ್ಲಿ ಕಳೆಯುವ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಪ್ರಶ್ನೋತ್ತರದ 1:32:00 ಅಂದರೆ 92 ನಿಮಿಷ. ಅದರಿಂದ 5:20 ತೆಗೆದರೆ 86 ನಿಮಿಷ 40 ಸೆಕೆಂಡು, ಬರೆಯಬೇಕಾದದ್ದು 1:26:40. ನಡುವೆ ಎಲ್ಲಾದರೂ ಕತ್ತರಿಸಿದರೆ ಆ ಜಾಗದ ನಂತರದ ಹೊತ್ತುಗಳಷ್ಟೇ ಹಿಂದೆ ಸರಿಯುತ್ತವೆ, ಹಿಂದಿನವು ಇದ್ದಲ್ಲೇ ಇರುತ್ತವೆ. ಉದ್ದ ವಿಡಿಯೊ ಕತ್ತರಿಸಿದ್ದು ಜಾರಿಗೆ ಬರಲು ಹಲವು ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ನೋಡುಗರಿಗೆ ಕಾಣುವುದು ಹಳೆಯ ವಿಡಿಯೊವೇ, ಹಾಗಾಗಿ ಅದು ಮುಗಿದ ಮೇಲೆ ಹೊಸ ಪಟ್ಟಿ ಹಾಕಿ.

ಹೊತ್ತು ನೋಡಿಕೊಳ್ಳುವುದು ಯೂಟ್ಯೂಬ್ ಪುಟದಲ್ಲಿ ಆಡುತ್ತಿರುವ ವಿಡಿಯೊದಿಂದಲೇ ಆಗಲಿ. ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ನೋಡಿ ಬರೆದುಕೊಂಡರೆ ಅಲ್ಲಿ 00:12:38:14 ಎಂದು ನಾಲ್ಕು ಭಾಗ ಇರುತ್ತದೆ. ಕೊನೆಯದು ಸೆಕೆಂಡ್ ಅಲ್ಲ, ಫ್ರೇಮ್. ಅದನ್ನು ಹಾಗೇ ಅಂಟಿಸಿದವರ ಪಟ್ಟಿಯನ್ನು ಎಷ್ಟೋ ಬಾರಿ ಸರಿಮಾಡಿದ್ದೇನೆ.

ಇನ್ನು ಎಲ್ಲಿ ಭಾಗ ಮಾಡಬೇಕು ಎನ್ನುವುದು. ನನ್ನ ಮಟ್ಟಿಗೆ ಈ ಕೆಲಸದ ಹೂರಣ ಇರುವುದು ಇಲ್ಲಿ. ನೀವು ನಿಮ್ಮ ಆಮಂತ್ರಣ ಪತ್ರಿಕೆಯ ಪ್ರಕಾರ ಭಾಗ ಮಾಡಿದ್ದೀರಿ: ಸ್ವಾಗತ, ಕೀಟ ನಿರ್ವಹಣೆ, ಬೋರ್ಡೋ, ಪ್ರಶ್ನೋತ್ತರ. ಅದು ವೇದಿಕೆಯ ಕ್ರಮ. ನೋಡುವವರು ಬರುವುದು ಒಂದು ತೊಂದರೆ ಹೊತ್ತುಕೊಂಡು. ಎಲೆ ತುಕ್ಕು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಭಾಗವನ್ನೇ ನೋಡಿ. 58:10ಕ್ಕೆ ಆರಂಭಿಸಿದವರು ಮೊದಲು ಎಲೆ ತುಕ್ಕು ಹೇಗೆ ಹರಡುತ್ತದೆ, ಮಳೆಗಾಲಕ್ಕೆ ಮುಂಚೆ ಏಕೆ ಹೊಡೆಯಬೇಕು ಎಂದು ಆರೂವರೆ ನಿಮಿಷ ವಿವರಿಸುತ್ತಾರೆ. ಡ್ರಮ್ ಮುಂದಿಟ್ಟುಕೊಂಡು ಕಲಸಲು ಶುರು ಮಾಡುವುದು 1:04:38ಕ್ಕೆ. ಅಲ್ಲಿ 200 ಲೀಟರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ಎರಡನ್ನೂ ಬೇರೆ ಬೇರೆ ಕರಗಿಸುವುದು, ಕಬ್ಬಿಣದ ಚಾಕು ಅದ್ದಿ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು ಎಂದು ತಿಳಿಯುವುದು, ಎಲ್ಲ ಇದೆ. ತೋಟದಲ್ಲಿ ಡ್ರಮ್ ಪಕ್ಕ ನಿಂತು, ಸುಣ್ಣ ಮೆತ್ತಿದ ಕೈಯಲ್ಲಿ ಫೋನ್ ಹಿಡಿದವನಿಗೆ ಬೇಕಾದದ್ದು ಆ ಜಾಗ. ಅವನು 58:10ರಿಂದ ಬೆರಳಲ್ಲಿ ಎಳೆಯುತ್ತ ಹುಡುಕಬೇಕೆಂದರೆ, ಘಟ್ಟದ ಕಡೆ ನೆಟ್‌ವರ್ಕ್ ಇರುವ ಪಾಡಿಗೆ, ಎಳೆದಾಗಲೆಲ್ಲ ಚಕ್ರ ತಿರುಗುತ್ತ ನಿಲ್ಲುತ್ತದೆ. ಆದ್ದರಿಂದ ಇದು ಎರಡು ಚಾಪ್ಟರ್ ಆಗಬೇಕು, ಎಲೆ ತುಕ್ಕಿಗೆ ಒಂದು, ಕಲಸುವುದಕ್ಕೆ ಒಂದು.

ಬೋರರ್ ಭಾಗವೂ ಹಾಗೇ ಎರಡಾಗುತ್ತದೆ. ಮೊದಲ ಹನ್ನೊಂದು ನಿಮಿಷ ಹೊಡೆದ ಗಿಡದ ಗುರುತು: ಕಾಂಡದ ಮೇಲೆ ಎದ್ದ ಉಬ್ಬು ಗೆರೆ, ಹಳದಿ ತಿರುಗಿ ಜೋತುಬಿದ್ದ ಎಲೆ. ಆಮೇಲೆ ದುಂಬಿ ಹಾರುವ ಕಾಲಕ್ಕೆ ಮುಂಚೆ, ಅಂದರೆ ಏಪ್ರಿಲ್ ಮತ್ತು ಅಕ್ಟೋಬರ್ ಬರುವುದರೊಳಗೆ, ಅಂಥ ಗಿಡ ಹುಡುಕಿ ಕಿತ್ತು ಸುಡುವುದು. ಗುರುತು ಗೊತ್ತಿಲ್ಲದವರು ಮೊದಲನೆಯದಕ್ಕೆ ಬರುತ್ತಾರೆ, ಗೊತ್ತಿದ್ದವರು ನೇರ ಎರಡನೆಯದಕ್ಕೆ ಹೋಗುತ್ತಾರೆ. ಒಂದು ಭಾಗವನ್ನು ಎರಡು ಮಾಡಬೇಕೋ ಬೇಡವೋ ಎಂದು ಅನುಮಾನ ಬಂದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಹಿಂದಿನದನ್ನು ನೋಡದೆ ನೇರ ಇಲ್ಲಿಗೆ ಬಂದವರಿಗೆ ಮಾತು ಅರ್ಥವಾಗುತ್ತದೆಯೇ? ಆಗುತ್ತದೆ ಎಂದರೆ ಅದು ಬೇರೆ ಚಾಪ್ಟರ್.

ಪ್ರಶ್ನೋತ್ತರವನ್ನು ನೀವು ಒಂದೇ ಗಂಟಾಗಿ ಬಿಟ್ಟಿದ್ದೀರಿ. 46 ನಿಮಿಷ! ಆ ಇಡೀ ದಿನದ ಸಾರ ಅಲ್ಲಿದೆ ಎಂದು ನನಗೆ ಅನ್ನಿಸಿತು. ವೇದಿಕೆಯ ಮೇಲಿನವರು ಹೇಳದೆ ಬಿಟ್ಟದ್ದನ್ನು ಜನ ಎದ್ದು ನಿಂತು ಕೇಳಿಸಿದ್ದಾರೆ. ಎಲ್ಲ ಪ್ರಶ್ನೆಗೂ ಚಾಪ್ಟರ್ ಬೇಡ, ಅರ್ಧ ನಿಮಿಷದ ಉತ್ತರಗಳಿಗೆ ಹೆಸರು ಕೊಡುತ್ತ ಹೋದರೆ ಪಟ್ಟಿ ಓದಲಾಗದಷ್ಟು ಉದ್ದವಾಗುತ್ತದೆ. ಉತ್ತರ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ನಡೆದ ಮೂರು ವಿಷಯಗಳನ್ನು ಆರಿಸಿ, ಉಳಿದದ್ದನ್ನು ಕೊನೆಯ ಭಾಗಕ್ಕೆ ಸೇರಿಸಿದ್ದೇನೆ.

ಹೆಸರಿಡುವ ವಿಷಯದಲ್ಲಿ ಕನ್ನಡಕ್ಕೆ ಅದರದೇ ಒಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು ಮುಖ್ಯ ಪದ ಕೊನೆಗೆ ನಿಲ್ಲುತ್ತದೆ. ‘ಅರೇಬಿಕಾ ಗಿಡಗಳಿಗೆ ಹೆಚ್ಚಾಗಿ ಬಾಧೆ ಕೊಡುವ ಬಿಳಿ ಕಾಂಡಕೊರಕ’ ಎಂದು ಬರೆದರೆ ಫೋನಿನ ಕಿರಿದಾದ ಜಾಗದಲ್ಲಿ ಕಾಣುವುದು ‘ಅರೇಬಿಕಾ ಗಿಡಗಳಿಗೆ ಹೆಚ್ಚಾಗಿ...’ ಅಷ್ಟೇ, ಕಾಂಡಕೊರಕ ಕಟ್ಟಾಗಿ ಹೋಗಿರುತ್ತದೆ. ಹಾಗಾಗಿ ಮುಖ್ಯ ಪದವನ್ನು ಎಳೆದು ಮುಂದೆ ಹಾಕಿ, ಅಲ್ಪವಿರಾಮ ಇಟ್ಟು, ಉಳಿದದ್ದನ್ನು ಆಮೇಲೆ ಹೇಳಿ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ‘ಪ್ರಶ್ನೆ’, ‘ಭಾಗ 3’ ಎಂಬ ಪದಗಳಿಂದ ಸಾಲು ಆರಂಭಿಸಬೇಡಿ, ಅವು ಅಮೂಲ್ಯ ಜಾಗ ತಿನ್ನುತ್ತವೆ.

ಆ ಮುಖ್ಯ ಪದ ಯಾವುದಾಗಿರಬೇಕು ಎನ್ನುವುದಕ್ಕೆ ನಿಮಗೆ ಬರುವ ಫೋನ್ ಕರೆಗಳೇ ಉತ್ತರ. ನಿಮ್ಮ ಬ್ಯಾನರಿನಲ್ಲಿ ‘ಕೀಟ ನಿರ್ವಹಣೆ’ ಎಂದಿದೆ, ಫೋನ್ ಮಾಡಿದವರು ಕೇಳಿದ್ದು ‘ಬೋರರ್’. ಬ್ಯಾನರಿನಲ್ಲಿ ‘ನೆರಳು ನಿಯಂತ್ರಣ’, ತೋಟದಲ್ಲಿ ಎಲ್ಲರೂ ಹೇಳುವುದು ‘ಮರಗಸಿ’. ಜನ ಬಾಯಲ್ಲಿ ಹೇಳುವ ಪದವನ್ನೇ ಹುಡುಕುವಾಗಲೂ ಬರೆಯುತ್ತಾರೆ. ಒಂದಕ್ಕೆ ಎರಡು ಹೆಸರು ಬಳಕೆಯಲ್ಲಿದ್ದರೆ ಒಂದು ಚಾಪ್ಟರಿನಲ್ಲಿ ಒಂದು, ಮುಂದಿನದರಲ್ಲಿ ಇನ್ನೊಂದು ಬರಲಿ. ಬೋರರ್ ಭಾಗ ಎರಡಾದದ್ದರಿಂದ ನಿಮಗೆ ಆ ಅವಕಾಶ ತಾನಾಗಿ ಸಿಕ್ಕಿದೆ.

ಇದೆಲ್ಲ ಸೇರಿಸಿ, ಮೊದಲ 5:20 ಕತ್ತರಿಸಿದ ಮೇಲೆ ಹಾಕಬೇಕಾದ ಪಟ್ಟಿ ಹೀಗಾಗುತ್ತದೆ:

```
0:00 ಸ್ವಾಗತ, ಇವತ್ತಿನ ವಿಷಯಗಳು
7:18 ಬೋರರ್, ಹೊಡೆದ ಗಿಡದ ಗುರುತು
18:45 ಬಿಳಿ ಕಾಂಡಕೊರಕ, ಗಿಡ ಕಿತ್ತು ಸುಡುವ ಕಾಲ
32:00 ಮರಗಸಿ, ನೆರಳು ಎಷ್ಟು ಉಳಿಸಬೇಕು
52:48 ಎಲೆ ತುಕ್ಕು, ಮಳೆಗೆ ಮುಂಚೆ ಏಕೆ ಹೊಡೆಯಬೇಕು
59:16 ಬೋರ್ಡೋ ದ್ರಾವಣ, 200 ಲೀಟರ್ ಕಲಸುವ ಕ್ರಮ
1:09:10 ಕಾಯಿಕೊರಕ, ಉದುರಿದ ಹಣ್ಣು ಹೆಕ್ಕುವುದು
1:26:40 ಬೋರ್ಡೋ ಹೊಡೆದ ಮೇಲೆ ಮಳೆ ಬಂದರೆ
1:34:05 ರೊಬಸ್ಟಾ ತೋಟದಲ್ಲಿ ಬೋರರ್ ಭಯ ಇದೆಯೇ
1:45:30 ಕಾಳುಮೆಣಸು, ಬಳ್ಳಿ ಸೊರಗಿದರೆ
2:01:10 ಇತರ ಪ್ರಶ್ನೆಗಳು, ವಂದನೆ
```

ಹೊತ್ತು ಸಾಲಿನ ಆರಂಭದಲ್ಲಿದೆ, ಒಂದು ಸಾಲಿಗೆ ಒಂದೇ ಇದೆ, ಹೆಸರು ಅದೇ ಸಾಲಿನಲ್ಲಿದೆ. ನೀವು ಹೆಸರು ಮೊದಲು, ಹೊತ್ತು ಆಮೇಲೆ ಬರೆದಿದ್ದಿರಿ, ಅದನ್ನು ತಿರುಗಿಸಿದ್ದೇನೆ. ಒಂದು ಗಂಟೆಯೊಳಗಿನದಕ್ಕೆ ಗಂಟೆಯ ಜಾಗ ಬಿಡಬೇಕಿಲ್ಲ, 7:18 ಸಾಕು. ಗಂಟೆ ದಾಟಿದ್ದಕ್ಕೆ 69:10 ಅಲ್ಲ, 1:09:10 ಎಂದು ಪೂರ್ತಿ ಬರೆಯಿರಿ.

ಹಾಕುವ ಜಾಗ studio.youtube.com. ಅಲ್ಲಿ ವಿಡಿಯೊ ಆರಿಸಿ, ವಿವರಣೆಯ ಪೆಟ್ಟಿಗೆಯಲ್ಲಿ ಮೊದಲು ವಿಡಿಯೊ ಏನೆಂದು ಎರಡು ಸಾಲು, ಆಮೇಲೆ ಈ ಪಟ್ಟಿ, ಕೊನೆಗೆ ಸಂಘದ ವಿಳಾಸ ಹಾಕಿ ಉಳಿಸಿ. ವಿವರಣೆಗೆ 5000 ಅಕ್ಷರಗಳ ಮಿತಿ ಇದೆ, ಈ ಪಟ್ಟಿಗೆ ಅದು ಧಾರಾಳವಾಗಿ ಸಾಕು. ಕೆಲವರು ಪಟ್ಟಿಯನ್ನು ಕಾಮೆಂಟಿನಲ್ಲಿ ಹಾಕಿ ಮೇಲಕ್ಕೆ ಪಿನ್ ಮಾಡುತ್ತಾರೆ. ಅಲ್ಲಿಯೂ ಹೊತ್ತು ನೀಲಿಯಾಗುತ್ತದೆ, ಒತ್ತಿದರೆ ಜಿಗಿಯುತ್ತದೆ, ಆದರೆ ಅದರಿಂದ ಚಾಪ್ಟರ್ ಆಗುವುದಿಲ್ಲ. ಅದೇ ಪುಟದ ಕೆಳಭಾಗದಲ್ಲಿ Automatic chapters ಎಂಬ ಆಯ್ಕೆ ಇರುತ್ತದೆ. ನೀವು ಏನೂ ಬರೆಯದಿದ್ದಾಗ ಯೂಟ್ಯೂಬ್ ತಾನೇ ಭಾಗ ಮಾಡಬಹುದು ಎನ್ನುವುದಕ್ಕೆ ಅದು ಒಪ್ಪಿಗೆ. ನಿಮ್ಮ ಪಟ್ಟಿ ನಿಯಮದಂತೆ ಇದ್ದರೆ ಅದಕ್ಕೇ ಮನ್ನಣೆ, ಹಾಗಾಗಿ ಅದನ್ನು ಮುಟ್ಟುವ ಅಗತ್ಯ ಇಲ್ಲ.

ಸರಿಯಾದಾಗ ವಿಡಿಯೊದ ಕೆಳಗಿನ ಗೆರೆ ಹನ್ನೊಂದು ತುಂಡಾಗಿ ಕಾಣುತ್ತದೆ, ಹೊತ್ತಿನ ಪಕ್ಕ ಆಡುತ್ತಿರುವ ಭಾಗದ ಹೆಸರು ಬರುತ್ತದೆ. ಆ ಹೆಸರು ಒತ್ತಿದರೆ ಪೂರ್ತಿ ಪಟ್ಟಿ ತೆರೆದುಕೊಳ್ಳುತ್ತದೆ. ಫೋನಿನಲ್ಲಿ ಎರಡು ಬೆರಳಿಂದ ಎರಡು ಬಾರಿ ತಟ್ಟಿದರೆ ಮುಂದಿನ ಚಾಪ್ಟರಿಗೆ ಹೋಗಬಹುದು ಎನ್ನುವುದನ್ನು ನಿಮ್ಮ ಸದಸ್ಯರಿಗೆ ಹೇಳಿಕೊಡಿ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಗೂಗಲ್ ವಿಷಯಕ್ಕೆ ಬರುತ್ತೇನೆ. ಹುಡುಕಾಟದಲ್ಲಿ ಕೆಲವು ವಿಡಿಯೊಗಳ ಕೆಳಗೆ ಭಾಗಗಳ ಹೆಸರು ಮತ್ತು ಹೊತ್ತು ಸಾಲಾಗಿ ಕಾಣುತ್ತವಲ್ಲ, ಅದನ್ನು ಅವರು Key moments ಎನ್ನುತ್ತಾರೆ. ಯೂಟ್ಯೂಬಿನಲ್ಲಿರುವ ವಿಡಿಯೊಗೆ ಅದು ಬರುವುದು ಇದೇ ವಿವರಣೆಯ ಪಟ್ಟಿಯಿಂದ, ಬೇರೆ ಅರ್ಜಿ, ಬೇರೆ ಕೋಡ್ ಏನೂ ಬೇಡ. ಆದರೆ ತೋರಿಸಬೇಕೋ ಬೇಡವೋ ಎನ್ನುವುದು ಗೂಗಲ್ ತೀರ್ಮಾನ. ಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ತೋರಿಸಿಯೇ ತೋರಿಸುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಬದಲಾದ ವಿವರಣೆಯನ್ನು ಅದು ಮತ್ತೆ ಬಂದು ಓದುವವರೆಗೆ ಕಾಯಬೇಕು, ಇವತ್ತು ಹಾಕಿ ನಾಳೆ ಬೆಳಿಗ್ಗೆ ಹುಡುಕಿ ನಿರಾಶರಾಗಬೇಡಿ. ಕೆಲವು ವಾರ ಬಿಟ್ಟು, ಲಾಗಿನ್ ಆಗದ ಖಾಸಗಿ ಕಿಟಕಿ ತೆರೆದು, ‘ಬೋರ್ಡೋ ದ್ರಾವಣ ಕಲಸುವ ಕ್ರಮ’ ಎಂದು ಹುಡುಕಿ ನೋಡಿ. ನಿಮ್ಮ ಸ್ವಂತ ಫೋನಿನಲ್ಲಿ ಹುಡುಕಿದರೆ ನೀವು ಈಗಾಗಲೇ ನೂರು ಸಲ ನೋಡಿದ ವಿಡಿಯೊ ಮೇಲೆ ಬಂದು ತಪ್ಪು ತಿಳಿವಳಿಕೆ ಕೊಡಬಹುದು. ವಿಡಿಯೊ ಫೈಲನ್ನು ಯೂಟ್ಯೂಬ್ ಬಿಟ್ಟು ಸಂಘದ ಸ್ವಂತ ಜಾಲತಾಣದಲ್ಲೇ ಇಡುವವರಿಗೆ ಮಾತ್ರ ಪುಟದೊಳಗೆ Clip ಎಂಬ ಮಾಹಿತಿಯನ್ನು ಪ್ರತಿ ಭಾಗಕ್ಕೂ ಬರೆಯಬೇಕಾಗಬಹುದು. ನಿಮಗೆ ಅದು ಬೇಡ.

ಗೂಗಲ್ ಕೈಗೆ ಬಿಡದೆ ನೀವೇ ಇವತ್ತೇ ಮಾಡಬಹುದಾದದ್ದು ಇನ್ನೊಂದಿದೆ, ನಿಮ್ಮ ಕಡೆ ಹೆಚ್ಚು ಉಪಯೋಗಕ್ಕೆ ಬರುವುದು ಬಹುಶಃ ಅದೇ. ಬೆಳೆಗಾರರು ವಿಡಿಯೊ ನೋಡುವುದು ಹೆಚ್ಚಾಗಿ ವಾಟ್ಸಾಪ್ ಗುಂಪಿನಲ್ಲಿ ಬಂದ ಲಿಂಕಿನಿಂದ. ಆ ಲಿಂಕ್ ಬೇಕಾದ ಜಾಗದಿಂದಲೇ ತೆರೆಯುವಂತೆ ಮಾಡಬಹುದು. ಲಿಂಕಿನ ಕೊನೆಗೆ t= ಎಂದು ಹಾಕಿ ಹೊತ್ತನ್ನು ಸೆಕೆಂಡಿನಲ್ಲಿ ಬರೆಯಬೇಕು. ಬೋರರ್ ಭಾಗದ 7:18 ಅಂದರೆ 7 ಗುಣಿಸು 60, ಕೂಡಿಸು 18, ಒಟ್ಟು 438. ಬೋರ್ಡೋದ 59:16 ಅಂದರೆ 3556. ಕೆಳಗೆ VIDEO_ID ಇರುವಲ್ಲಿ ನಿಮ್ಮ ವಿಡಿಯೊದ ಗುರುತು ಬರುತ್ತದೆ:

```
https://youtu.be/VIDEO_ID?t=438
https://youtu.be/VIDEO_ID?t=3556
```

ಫೋನಿನಲ್ಲಿ ಹಂಚಿಕೆಯ ಲಿಂಕ್ ನಕಲು ಮಾಡಿದಾಗ ಅದರಲ್ಲಿ ಮೊದಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಮತ್ತು si= ಎಂದು ಉದ್ದನೆಯ ಬಾಲ ಇದ್ದರೆ, ಎರಡನೇ ಪ್ರಶ್ನಾರ್ಥಕ ಹಾಕಬೇಡಿ, ಬಾಲದ ಕೊನೆಗೆ &t=438 ಎಂದು ಸೇರಿಸಿ. ಕಂಪ್ಯೂಟರಿನಲ್ಲಾದರೆ ಲೆಕ್ಕವೇ ಬೇಡ. ವಿಡಿಯೊವನ್ನು ಆ ಜಾಗದಲ್ಲಿ ನಿಲ್ಲಿಸಿ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ Copy video URL at current time ಎಂದು ಸಿಗುತ್ತದೆ. ಮಾರ್ಚಿನಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ದುಂಬಿ ಹಾರುವುದಕ್ಕೆ ಮುಂಚೆ, ಬೋರರ್‌ನ ಎರಡು ಲಿಂಕ್; ಮುಂಗಾರಿಗೆ ಮುಂಚೆ ಬೋರ್ಡೋದ ಒಂದು. ಆ ಆ ಕಾಲಕ್ಕೆ ಆ ಆ ಲಿಂಕನ್ನು ಗುಂಪಿಗೆ ಹಾಕಿ. ಈ ಲಿಂಕುಗಳೂ ವಿಡಿಯೊ ಕತ್ತರಿಸಿದ ನಂತರದ ಹೊತ್ತಿನವೇ ಆಗಿರಬೇಕು. ಒಮ್ಮೆ ಗುಂಪಿಗೆ ಹೋಗಿ ಹರಡಿದ ಲಿಂಕನ್ನು ಆಮೇಲೆ ಸರಿಮಾಡಲು ಬರುವುದಿಲ್ಲ.

ಪಟ್ಟಿ ಹಾಕಿ ಎರಡು ವಾರ ಆದ ಮೇಲೆ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ ಜನ ಎಷ್ಟು ಹೊತ್ತು ನೋಡಿದರು ಎಂಬ ಗೆರೆಯನ್ನು ತೆರೆಯಿರಿ. ಚಾಪ್ಟರ್ ಶುರುವಾಗುವ ಕಡೆ ಗೆರೆ ಎದ್ದಿದ್ದರೆ ಜನ ಅಲ್ಲಿಗೆ ನೇರವಾಗಿ ಬರುತ್ತಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಜಾಗದಲ್ಲಿ ಗೆರೆ ಎದ್ದಿದ್ದರೆ ಅಲ್ಲಿ ನೀವು ಹೆಸರು ಕೊಡದ ಏನೋ ಇದೆ, ಹೋಗಿ ನೋಡಿ ಒಂದು ಸಾಲು ಸೇರಿಸಿ. ನನ್ನ ಊಹೆ ಹೇಳಲೇ? ಮರಗಸಿಯ ಇಪ್ಪತ್ತು ನಿಮಿಷದಲ್ಲಿ, ಬಿಸಿಲು ಹೆಚ್ಚಾದ ಜಾಗದಲ್ಲೇ ಬೋರರ್ ಜಾಸ್ತಿ ಏಕೆ ಎಂದು ಅವರು ಗಿಡ ತೋರಿಸಿ ವಿವರಿಸುವ ಒಂದು ತುಣುಕಿದೆ, ಕತ್ತರಿಸಿದ ಮೇಲೆ ಸುಮಾರು 41ನೇ ನಿಮಿಷಕ್ಕೆ. ನಾನು ಅದನ್ನು ಬೇರೆ ಮಾಡದೆ ಬಿಟ್ಟಿದ್ದೇನೆ, ಮಾತು ಹಿಂದಿನದಕ್ಕೆ ಬೆಸೆದುಕೊಂಡಿದೆ. ಗೆರೆ ಅಲ್ಲಿ ಎದ್ದರೆ ಎರಡು ಮಾಡಿ.